ನೇಮಕಾತಿ ಪತ್ರದ ನಂತರದ 65 ದಿನಗಳು

ಪ್ರಶ್ನೆ: ನಮ್ಮದು ಸುಮಾರು 180 ಜನ ದುಡಿಯುವ ಪ್ಯಾಕಿಂಗ್ ಘಟಕ; ಎಚ್‌ಆರ್ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಕಳೆದ ವರ್ಷ ಇಬ್ಬರು ಟ್ರಾನ್ಸ್ ಮಹಿಳೆಯರನ್ನು ಕೆಲಸಕ್ಕೆ ತೆಗೆದುಕೊಂಡೆವು. ಸಂದರ್ಶನದಲ್ಲಿ ಯಾರೂ ಅಗೌರವ ತೋರಿಸಲಿಲ್ಲ, ಸಂಬಳವೂ ಉಳಿದವರಷ್ಟೇ ಇತ್ತು. ಆದರೂ ಇಬ್ಬರೂ ಎರಡು ತಿಂಗಳೊಳಗೆ ಬಿಟ್ಟು ಹೋದರು. ಅವರಿಗೆ ದುಡಿಯುವ ಮನಸ್ಸೇ ಇರಲಿಲ್ಲ ಎಂಬುದು ನಮ್ಮ ಮ್ಯಾನೇಜರ್ ಅವರ ಮಾತು. ನನಗೆ ಹಾಗೆನ್ನಿಸುವುದಿಲ್ಲ, ಆದರೆ ಕಾರಣವೂ ತಿಳಿಯುತ್ತಿಲ್ಲ. ಮತ್ತೆ ನೇಮಕ ಮಾಡುವ ಮೊದಲು ನಾವು ಏನನ್ನು ಬದಲಾಯಿಸಬೇಕು?

ಉತ್ತರ: ಮೊದಲು ಹಾಜರಿ ಪುಸ್ತಕವನ್ನೂ ಸಂಬಳದ ಪಟ್ಟಿಯನ್ನೂ ಒಟ್ಟಿಗೆ ತೆರೆದು ನೋಡಿ. ಆ ಇಬ್ಬರು ಸೇರಿದ ದಿನ ಯಾವುದು, ಅವರ ಖಾತೆಗೆ ಮೊದಲ ಸಂಬಳ ಜಮೆಯಾದ ದಿನ ಯಾವುದು, ಕೊನೆಯ ಹಾಜರಿ ಬಿದ್ದ ದಿನ ಯಾವುದು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಅದೇ ವರ್ಷ ಅದೇ ಪ್ಯಾಕಿಂಗ್ ಸಾಲಿಗೆ ಸೇರಿದ ಇತರ ಎಲ್ಲರಲ್ಲಿ ಎಷ್ಟು ಮಂದಿ ಎರಡು ತಿಂಗಳೊಳಗೆ ಬಿಟ್ಟರು ಎಂಬುದನ್ನೂ ಅದರ ಪಕ್ಕದಲ್ಲಿ ಬರೆಯಿರಿ. ಪ್ಯಾಕಿಂಗ್‌ನಂತಹ ಕೆಲಸದಲ್ಲಿ ಆರಂಭದಲ್ಲೇ ಬಿಟ್ಟುಹೋಗುವವರು ಎಲ್ಲ ಸಮುದಾಯಗಳಲ್ಲೂ ಇರುತ್ತಾರೆ. ಇತರರು ಬಿಟ್ಟಾಗ ಅದು ಆ ಒಬ್ಬರ ನಿರ್ಧಾರವೆನಿಸುತ್ತದೆ, ಟ್ರಾನ್ಸ್ ವ್ಯಕ್ತಿಯೊಬ್ಬರು ಬಿಟ್ಟಾಗ ಮಾತ್ರ ಅದು ಇಡೀ ಸಮುದಾಯದ ಸ್ವಭಾವವೆನಿಸುತ್ತದೆ. ನಿಮ್ಮ ಮ್ಯಾನೇಜರ್ ಅವರ ಮಾತಿಗೆ ಉತ್ತರ ಆ ಹಾಳೆಯಲ್ಲೇ ಸಿಗುವ ಸಾಧ್ಯತೆ ಹೆಚ್ಚು. ವಾದ ಮಾಡುವುದಕ್ಕಿಂತ ಅದನ್ನು ಅವರ ಮುಂದಿಡುವುದು ಒಳ್ಳೆಯದು.

ನನ್ನ ಅಭಿಪ್ರಾಯವನ್ನು ಈಗಲೇ ಹೇಳಿಬಿಡುತ್ತೇನೆ. ಸಂದರ್ಶನದಲ್ಲಿ ನೀವು ಗೌರವದಿಂದ ನಡೆದುಕೊಂಡಿದ್ದೀರಿ ಎಂಬುದನ್ನು ನಾನು ನಂಬುತ್ತೇನೆ, ಆದರೆ ಇಂತಹ ನೇಮಕಗಳು ಸೋಲುವುದು ಸಂದರ್ಶನದ ಕೋಣೆಯಲ್ಲಿ ಅಲ್ಲ. ನೇಮಕಾತಿ ಪತ್ರ ಕೈಗೆ ಬಂದ ದಿನದಿಂದ ಎರಡನೆಯ ಸಂಬಳದ ದಿನದವರೆಗಿನ ಅವಧಿಯಲ್ಲಿ, ಗೇಟು, ದಾಖಲೆ, ಬಾಡಿಗೆ ಮನೆ ಮತ್ತು ಶೌಚಾಲಯಗಳ ನಡುವೆ ಅವು ಸೋಲುತ್ತವೆ.

ಇದಕ್ಕೆ ನಮ್ಮ ದೇಶದಲ್ಲಿ ಎಲ್ಲರ ಕಣ್ಣಮುಂದೆ ನಡೆದ ಉದಾಹರಣೆ ಕೊಚ್ಚಿ ಮೆಟ್ರೊ. 2017ರ ಜೂನ್‌ನಲ್ಲಿ ಆ ಮೆಟ್ರೊ ಆರಂಭವಾದಾಗ ಟಿಕೆಟ್ ಕೌಂಟರ್, ಸ್ವಚ್ಛತೆ ಮುಂತಾದ ಕೆಲಸಗಳಿಗೆ ಇಪ್ಪತ್ತಕ್ಕೂ ಹೆಚ್ಚು ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ಕೇರಳದ ಕುಟುಂಬಶ್ರೀ ಸಂಸ್ಥೆಯ ಮೂಲಕ ತೆಗೆದುಕೊಳ್ಳಲಾಯಿತು. ಉದ್ದೇಶ ಪ್ರಾಮಾಣಿಕವಾಗಿತ್ತು, ತರಬೇತಿಯೂ ಆಗಿತ್ತು, ದೇಶವೇ ಮೆಚ್ಚಿತು. ಆದರೆ ಕೆಲವೇ ದಿನಗಳಲ್ಲಿ ಅವರಲ್ಲಿ ಎಂಟು ಮಂದಿ ಕೆಲಸ ಬಿಟ್ಟರೆಂಬ ಸುದ್ದಿ ಬಂತು. ಅವರು ಹೇಳಿದ ಕಾರಣ ಒಂದೇ ಆಗಿತ್ತು: ನಗರದಲ್ಲಿ ಯಾರೂ ಅವರಿಗೆ ಮನೆ ಬಾಡಿಗೆಗೆ ಕೊಡಲಿಲ್ಲ, ದಿನದ ಲೆಕ್ಕದಲ್ಲಿ ಹಣ ಕೊಟ್ಟು ಲಾಡ್ಜ್‌ಗಳಲ್ಲಿ ಉಳಿಯಬೇಕಾಗಿ ಬಂದಾಗ ಸಂಬಳದ ದೊಡ್ಡ ಪಾಲು ಅಲ್ಲಿಗೇ ಹೋಗುತ್ತಿತ್ತು. ಕೆಲಸದ ಜಾಗದಲ್ಲಿ ತೊಂದರೆ ಇಲ್ಲದಿದ್ದರೂ ರಾತ್ರಿ ಮಲಗುವ ಜಾಗವಿಲ್ಲದ ಕಾರಣಕ್ಕೆ ಕೆಲಸ ಉಳಿಯಲಿಲ್ಲ.

ಈಗ ನಿಮ್ಮ ಘಟಕದಂತಹ ಕಡೆ ಏನಾಗುತ್ತದೆ ಎಂಬುದನ್ನು ಒಬ್ಬ ಕಲ್ಪಿತ ಅಭ್ಯರ್ಥಿಯ ಮೂಲಕ ದಿನಾಂಕ ಹಿಡಿದು ನೋಡೋಣ. ಆಕೆ ಟ್ರಾನ್ಸ್ ಮಹಿಳೆ, ಒಂಬತ್ತನೆಯ ತರಗತಿಯವರೆಗೆ ಓದಿದ್ದಾರೆ, ಅಂಗಡಿಗಳ ಮುಂದೆ ಮತ್ತು ಸಿಗ್ನಲ್‌ಗಳಲ್ಲಿ ಹಣ ಕೇಳಿ ಬದುಕು ನಡೆಸಿದ್ದಾರೆ, ಸಮುದಾಯದ ನಾಲ್ಕೈದು ಜನರೊಂದಿಗೆ ಒಂದು ಮನೆಯಲ್ಲಿ ಇದ್ದಾರೆ. ಜೂನ್ 3ರಂದು ನಿಮ್ಮಲ್ಲಿ ಸೇರುತ್ತಾರೆ. ಕಡಿತಗಳ ನಂತರ ಕೈಗೆ ಬರುವ ಸಂಬಳ 14,000 ರೂಪಾಯಿ ಎಂದಿಟ್ಟುಕೊಳ್ಳಿ. ಜೂನ್ ತಿಂಗಳ ಸಂಬಳ ಜುಲೈ 7ರಂದು ಬರುತ್ತದೆ, ಅಂದರೆ ಸೇರಿದ 34 ದಿನಗಳ ನಂತರ. ಅಷ್ಟರಲ್ಲಿ ಆಕೆಯ ಬ್ಯಾಂಕ್ ಖಾತೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇರುವುದು ನಿಮ್ಮ ಲೆಕ್ಕಪತ್ರ ವಿಭಾಗಕ್ಕೆ ಕಂಡು, ದಾಖಲೆ ಸರಿಪಡಿಸಿಕೊಂಡು ಬರಲಿ ಎಂದು ಸಂಬಳವನ್ನು ತಡೆದರೆ, ಅದು ಬರುವುದು ಆಗಸ್ಟ್ 7ರಂದು, 65 ದಿನಗಳ ನಂತರ.

ಬೀದಿಯ ದುಡಿಮೆಯಲ್ಲಿ ಅವಮಾನವೂ ಅಪಾಯವೂ ಇದೆ, ಆದರೆ ಹಣ ಅದೇ ಸಂಜೆ ಕೈಗೆ ಬರುತ್ತದೆ. ಆ ಹಣದಿಂದಲೇ ಮನೆಯ ಬಾಡಿಗೆಯ ಪಾಲು, ಊಟ, ಔಷಧಿ ಎಲ್ಲವೂ ನಡೆಯುತ್ತವೆ. ಹೆತ್ತ ಮನೆಯಿಂದ ಹೊರಬಿದ್ದವರಿಗೆ ಒಂದೆರಡು ತಿಂಗಳು ಕೈಹಿಡಿಯುವ ಅಪ್ಪ, ಅಣ್ಣ, ಅತ್ತೆ ಯಾರೂ ಇರುವುದಿಲ್ಲ. ಇತರ ಕಾರ್ಮಿಕರು ಮೊದಲ ಸಂಬಳದವರೆಗಿನ ದಿನಗಳನ್ನು ಕುಟುಂಬದ ಬೆಂಬಲದಿಂದ ದಾಟುತ್ತಾರೆ. ಆಕೆಗೆ ಇರುವ ಬೆಂಬಲವೆಂದರೆ ಸಮುದಾಯದಲ್ಲಿ ಆಕೆಗೆ ಆಶ್ರಯ ಕೊಟ್ಟ ಹಿರಿಯರಾದ ಗುರು ಮತ್ತು ಜೊತೆಗಾರರ ಮನೆ. ಅಲ್ಲಿಗೂ ಆಕೆಯ ಪಾಲು ಸಲ್ಲಬೇಕು, ಮತ್ತು ಐದು ವಾರಗಳ ಕಾಲ ಅದು ಸಲ್ಲದಿದ್ದರೆ ಇಡೀ ಮನೆಯ ಲೆಕ್ಕವೇ ತಪ್ಪುತ್ತದೆ. ಇಪ್ಪತ್ತನೆಯ ದಿನದ ಹೊತ್ತಿಗೆ ಆಕೆ ಪಾಳಿ ಮುಗಿಸಿ ಮತ್ತೆ ಸಿಗ್ನಲ್‌ಗೆ ಹೋಗತೊಡಗುತ್ತಾರೆ, ನಿದ್ದೆ ಸಾಲದೆ ಬೆಳಗಿನ ಪಾಳಿಗೆ ತಡವಾಗುತ್ತದೆ, ಎರಡು ಮೂರು ದಿನ ಗೈರುಹಾಜರಿ ಬೀಳುತ್ತದೆ. ದುಡಿಯುವ ಮನಸ್ಸಿಲ್ಲ ಎಂಬ ಮಾತು ಹುಟ್ಟುವುದು ಇಲ್ಲಿ. ವಾಸ್ತವದಲ್ಲಿ ಆಕೆ ಆಗ ಎರಡು ಪಾಳಿ ದುಡಿಯುತ್ತಿರುತ್ತಾರೆ.

ಆದ್ದರಿಂದ ನಾನು ಸೂಚಿಸುವ ಮೊದಲ ಬದಲಾವಣೆ ಸಂಬಳದ ದಿನಾಂಕಕ್ಕೆ ಸಂಬಂಧಿಸಿದ್ದು. ಹೊಸದಾಗಿ ಸೇರಿದ ಯಾವ ಕಾರ್ಮಿಕರಿಗಾದರೂ ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ, ಆವರೆಗೆ ದುಡಿದ ದಿನಗಳ ಸಂಬಳದಿಂದ ಮುಂಗಡ ಕೊಡುವ ವ್ಯವಸ್ಥೆ ಮಾಡಿ. ಮೇಲಿನ ಉದಾಹರಣೆಯಲ್ಲಿ ವಾರಕ್ಕೆ 2,500 ರೂಪಾಯಿಯಂತೆ ಜೂನ್ ತಿಂಗಳಲ್ಲಿ ನಾಲ್ಕು ಬಾರಿ ಕೊಟ್ಟರೆ 10,000 ರೂಪಾಯಿ ಆಗಲೇ ತಲುಪಿರುತ್ತದೆ, ಉಳಿದದ್ದು ಜುಲೈ 7ಕ್ಕೆ ಬರುತ್ತದೆ. ದುಡಿದು ಗಳಿಸಿದ ಹಣವನ್ನೇ ಕೊಡುವುದರಿಂದ ಸಂಸ್ಥೆಗೆ ಹೆಚ್ಚಿನ ಖರ್ಚಿಲ್ಲ. ಇದನ್ನು ಎಲ್ಲ ಹೊಸಬರಿಗೂ ತೆರೆದಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಟ್ರಾನ್ಸ್ ಕಾರ್ಮಿಕರಿಗೆ ಮಾತ್ರ ಎಂದಿಟ್ಟರೆ, ಮುಂಗಡದ ಸಾಲಿನಲ್ಲಿ ನಿಂತವರ ಗುರುತು ಎಲ್ಲರಿಗೂ ಬಯಲಾಗುತ್ತದೆ. ಹೆಸರಿನ ವ್ಯತ್ಯಾಸದ ಕಾರಣಕ್ಕೆ ಸಂಬಳ ತಡೆಯುವ ಪದ್ಧತಿಯನ್ನಂತೂ ಸಂಪೂರ್ಣ ಕೈಬಿಡಿ. ಖಾತೆ ಯಾವ ಹೆಸರಿನಲ್ಲಿದೆಯೋ ಆ ಹೆಸರಿಗೇ ಹಣ ಹೋಗಲಿ, ತಿದ್ದುಪಡಿ ತನ್ನ ಪಾಡಿಗೆ ನಡೆಯಲಿ.

ಮನೆಯ ವಿಷಯದಲ್ಲಿ ಸಂಸ್ಥೆ ಏನು ಮಾಡಲು ಸಾಧ್ಯ ಎಂದು ನೀವು ಕೇಳಬಹುದು. ಹಾಸ್ಟೆಲ್ ಕಟ್ಟಬೇಕಾಗಿಲ್ಲ. ಮನೆಯ ಮಾಲೀಕರು ಬಾಡಿಗೆಗೆ ನಿರಾಕರಿಸುವಾಗ ಬಹಿರಂಗವಾಗಿ ಹೇಳುವ ಕಾರಣ ಸಾಮಾನ್ಯವಾಗಿ ಬಾಡಿಗೆ ಬರುವ ಖಾತ್ರಿಯಿಲ್ಲ ಎಂಬುದು. ಹತ್ತಿರದ ಎರಡು ಮನೆಗಳನ್ನು ಸಂಸ್ಥೆಯ ಹೆಸರಿನಲ್ಲಿ ಕರಾರು ಮಾಡಿಕೊಂಡು, ಮುಂಗಡ ಠೇವಣಿಯನ್ನು ಸಂಸ್ಥೆಯೇ ಕಟ್ಟಿ, ಬಾಡಿಗೆಯನ್ನು ಕಾರ್ಮಿಕರಿಂದ ಲಿಖಿತ ಒಪ್ಪಿಗೆಯ ಮೇಲೆ ಸಂಬಳದಿಂದ ಪಡೆಯುವುದು ಒಂದು ದಾರಿ. ಅದು ಆಗದಿದ್ದರೆ ಉದ್ಯೋಗ ದೃಢೀಕರಣ ಪತ್ರವನ್ನು ಆಕೆ ಬಳಸುವ ಹೆಸರಿನಲ್ಲೇ, ಸೇರಿದ ಮೊದಲ ದಿನವೇ ಕೊಡಿ. ಪ್ರೊಬೇಷನ್ ಮುಗಿಯುವವರೆಗೆ ಪತ್ರ ಕೊಡುವುದಿಲ್ಲವೆಂಬ ನಿಯಮವು ಮನೆಯಿರುವವರಿಗೆ ಸಣ್ಣ ವಿಷಯವೆನಿಸುತ್ತದೆ. ಮನೆ ಹುಡುಕುವವರಿಗೆ ಆ ಪತ್ರವೊಂದೇ ಆಧಾರವಾಗಿರುತ್ತದೆ.

ಇನ್ನು ಹಿನ್ನೆಲೆ ಪರಿಶೀಲನೆಯ ವಿಷಯ. ಇದರ ಬಗ್ಗೆ ನಾನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಸಂಸ್ಥೆಗಳೂ ತಿಳಿಯದೆಯೇ ಹೆಚ್ಚು ಹಾನಿ ಮಾಡುವುದು ಇಲ್ಲಿ. ಸಾಮಾನ್ಯವಾಗಿ ಈ ಕೆಲಸವನ್ನು ಹೊರಗಿನ ಏಜೆನ್ಸಿಗೆ ವಹಿಸಲಾಗುತ್ತದೆ. ಏಜೆನ್ಸಿಯ ಹುಡುಗನೊಬ್ಬ ವಿಳಾಸ ಖಚಿತಪಡಿಸಿಕೊಳ್ಳಲು ಮನೆಯ ಬಳಿ ಹೋಗಿ, ಆಧಾರ್ ಅಥವಾ ಶಾಲೆಯ ಅಂಕಪಟ್ಟಿಯಲ್ಲಿರುವ ಹಳೆಯ ಗಂಡು ಹೆಸರನ್ನು ಹೇಳಿ, ಇಂಥವರು ಇಲ್ಲಿ ಇದ್ದಾರೆಯೇ ಎಂದು ಪಕ್ಕದ ಮನೆಯವರನ್ನೂ ಮಾಲೀಕರನ್ನೂ ಕೇಳುತ್ತಾನೆ. ಆವರೆಗೆ ಆಕೆಯನ್ನು ಒಬ್ಬ ಮಹಿಳೆಯೆಂದು ಮಾತ್ರ ತಿಳಿದಿದ್ದ ಮಾಲೀಕರಿಗೆ ಆ ಕ್ಷಣದಲ್ಲಿ ಎಲ್ಲವೂ ತಿಳಿಯುತ್ತದೆ, ಮತ್ತು ವಾರದೊಳಗೆ ಮನೆ ಖಾಲಿ ಮಾಡಬೇಕಾಗಬಹುದು. ಹೀಗೆ ಕೆಲಸ ಸಿಕ್ಕಿದ ಕಾರಣದಿಂದಲೇ ಮನೆ ಹೋಗುತ್ತದೆ. ಇದನ್ನು ತಪ್ಪಿಸಲು ಏಜೆನ್ಸಿಯೊಂದಿಗಿನ ಕರಾರಿನಲ್ಲೇ ಬರೆಸಿ: ವಿಳಾಸವನ್ನು ದಾಖಲೆಯ ಮೂಲಕ ಮಾತ್ರ ಪರಿಶೀಲಿಸಬೇಕು, ನೆರೆಯವರನ್ನು ವಿಚಾರಿಸಕೂಡದು, ಅಭ್ಯರ್ಥಿ ಒಪ್ಪದ ಹೆಸರನ್ನು ಯಾರ ಮುಂದೆಯೂ ಉಚ್ಚರಿಸಕೂಡದು, ವರದಿ ಎಚ್‌ಆರ್‌ನ ಒಬ್ಬ ವ್ಯಕ್ತಿಗೆ ಮಾತ್ರ ಬರಬೇಕು.

ಅದೇ ವರದಿಯಲ್ಲಿ ಪೊಲೀಸ್ ಪ್ರಕರಣದ ಉಲ್ಲೇಖವೂ ಬರಬಹುದು. ಬೀದಿಯಲ್ಲಿ ಬದುಕು ನಡೆಸಿದವರ ಮೇಲೆ ಭಿಕ್ಷಾಟನೆ ಅಥವಾ ಸಾರ್ವಜನಿಕ ಕಿರಿಕಿರಿಯ ಹೆಸರಿನಲ್ಲಿ ದೂರು ದಾಖಲಾಗುವುದು ಸಾಮಾನ್ಯ. ಕೆಲಸ ಸಿಗದ ಕಾರಣಕ್ಕೆ ಬೀದಿಗೆ ಬಂದವರನ್ನು, ಬೀದಿಯಲ್ಲಿದ್ದ ಕಾರಣಕ್ಕೆ ಮತ್ತೆ ಕೆಲಸದಿಂದ ಹೊರಗಿಡುವುದು ಅನ್ಯಾಯ. ಆ ಪ್ರಕರಣಕ್ಕೂ ಪೆಟ್ಟಿಗೆ ಕಟ್ಟುವ ಕೆಲಸಕ್ಕೂ ಏನು ಸಂಬಂಧವೆಂದು ಲಿಖಿತವಾಗಿ ವಿವರಿಸಲು ಸಾಧ್ಯವಾಗದಿದ್ದರೆ ಅದನ್ನು ಪಕ್ಕಕ್ಕಿಡಿ. ವಿದ್ಯಾರ್ಹತೆಯ ಬಗ್ಗೆಯೂ ಇದೇ ಮಾತು ಅನ್ವಯಿಸುತ್ತದೆ. ಶಾಲೆಯಲ್ಲಿ ಕಿರುಕುಳ ತಾಳಲಾರದೆ ಓದು ನಿಲ್ಲಿಸಿದವರು ಈ ಸಮುದಾಯದಲ್ಲಿ ಬಹಳ. ಪ್ಯಾಕಿಂಗ್ ಕೆಲಸಕ್ಕೆ ಪಿಯುಸಿ ಕೇಳುವ ಜಾಹೀರಾತು, ಎಲ್ಲರಿಗೂ ಸ್ವಾಗತ ಎಂಬ ಸಾಲನ್ನು ಎಷ್ಟು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದರೂ ಅವರನ್ನು ಹೊರಗೇ ನಿಲ್ಲಿಸುತ್ತದೆ. ಒಂದು ದಿನದ ಸಂಬಳ ಕೊಟ್ಟು ಸಾಲಿನಲ್ಲಿ ಕೆಲಸ ಮಾಡಿಸಿ ನೋಡುವುದು ಹೆಚ್ಚು ನ್ಯಾಯವಾದ ಪರೀಕ್ಷೆ. ಟಾಟಾ ಸ್ಟೀಲ್ ತನ್ನ ಗಣಿಗಳಲ್ಲಿ ಭಾರೀ ಯಂತ್ರಗಳನ್ನು ನಡೆಸುವ ಕೆಲಸಕ್ಕೆ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನು ತೆಗೆದುಕೊಂಡಾಗಲೂ ಕೌಶಲವನ್ನು ತರಬೇತಿಯ ಮೂಲಕವೇ ಕಲಿಸಿತು.

ಹೆಸರಿನ ಪ್ರಶ್ನೆಯನ್ನು ಎರಡು ಭಾಗ ಮಾಡಿಕೊಂಡರೆ ಅದು ಅಷ್ಟೇನೂ ಜಟಿಲವಲ್ಲ. ಭವಿಷ್ಯ ನಿಧಿ, ಇಎಸ್‌ಐ, ತೆರಿಗೆ ಮತ್ತು ಬ್ಯಾಂಕ್, ಈ ನಾಲ್ಕು ಕಡೆ ಸದ್ಯದ ಕಾನೂನುಬದ್ಧ ದಾಖಲೆಯಲ್ಲಿರುವ ಹೆಸರೇ ಬೇಕು. ಉಳಿದ ಎಲ್ಲ ಕಡೆ ಆಕೆ ಬಳಸುವ ಹೆಸರು ಇರಲು ಯಾವ ಅಡ್ಡಿಯೂ ಇಲ್ಲ. ಆ ಉಳಿದ ಕಡೆಗಳು ಯಾವುವು ಎಂಬುದನ್ನು ನೀವೇ ಒಂದು ದಿನ ಕಾರ್ಮಿಕರೊಬ್ಬರ ಹಿಂದೆ ಬೆಳಗಿನಿಂದ ಸಂಜೆಯವರೆಗೆ ನಡೆದು ಗುರುತಿಸಿ. ಬೆರಳಿಟ್ಟ ಕೂಡಲೇ ಹೆಸರು ತೋರಿಸುವ ಹಾಜರಿ ಯಂತ್ರದ ಪರದೆಯನ್ನು ಹೆಚ್ಚಿನವರು ಮರೆಯುತ್ತಾರೆ. ಹಿಂದೆ ಸಾಲಿನಲ್ಲಿ ನಿಂತ ಮೂವತ್ತು ಜನ ದಿನಕ್ಕೆರಡು ಬಾರಿ ಆಕೆಯ ಹಳೆಯ ಹೆಸರನ್ನು ಅಲ್ಲಿ ಓದುತ್ತಾರೆ. ಕ್ಯಾಂಟೀನ್ ಕೂಪನ್, ಸಂಸ್ಥೆಯ ವಾಹನದ ಚಾಲಕನ ಕೈಯಲ್ಲಿರುವ ಪಟ್ಟಿ, ನೋಟಿಸ್ ಬೋರ್ಡಿನ ಪಾಳಿ ವಿವರ, ಸೂಪರ್‌ವೈಸರ್ ನಡೆಸುವ ವಾಟ್ಸ್‌ಆ್ಯಪ್ ಗುಂಪು, ಲಾಕರ್ ಮೇಲಿನ ಚೀಟಿ, ಇವೂ ಅಷ್ಟೇ ಮುಖ್ಯ. ಗುರುತಿನ ಚೀಟಿಯನ್ನು ಮಾತ್ರ ಸರಿಪಡಿಸಿ ಇವನ್ನು ಬಿಟ್ಟರೆ ಯಾವ ಗೋಪ್ಯತೆಯೂ ಉಳಿಯುವುದಿಲ್ಲ.

ಕಾನೂನುಬದ್ಧ ಹೆಸರು ಮತ್ತು ಲಿಂಗವನ್ನು ತಿದ್ದಿಸಲು ಆಕೆ ಬಯಸಿದರೆ ಆಧಾರ್‌ನಿಂದ ಆರಂಭಿಸುವುದು ಸೂಕ್ತ, ಏಕೆಂದರೆ ಭವಿಷ್ಯ ನಿಧಿಯ ಯುಎಎನ್ ಸಂಖ್ಯೆ ಆಧಾರ್‌ನಲ್ಲಿರುವ ಹೆಸರು, ಜನ್ಮದಿನಾಂಕ ಮತ್ತು ಲಿಂಗಕ್ಕೆ ಹೊಂದಬೇಕು. ಆನಂತರ ಪ್ಯಾನ್, ಬ್ಯಾಂಕ್ ಖಾತೆ ಮತ್ತು ಯುಎಎನ್. ಹಿಂದೆ ಎಲ್ಲಾದರೂ ಕೆಲಸ ಮಾಡಿದ್ದರೆ ಹಳೆಯ ಹೆಸರಿನಲ್ಲಿ ಯುಎಎನ್ ಆಗಲೇ ಇರುತ್ತದೆ; ಹೊಸದೊಂದನ್ನು ತೆರೆಯಬೇಡಿ, ಇರುವುದನ್ನೇ ತಿದ್ದಿಸಿ. ಇಲ್ಲದಿದ್ದರೆ ಹಳೆಯ ನಿಧಿಯ ಹಣ ಕೈಗೆ ಬರುವುದು ಕಷ್ಟವಾಗುತ್ತದೆ. ಅರ್ಜಿಗಳಲ್ಲಿ ಮೂರನೆಯ ಲಿಂಗದ ಆಯ್ಕೆ ಇರಬೇಕೆಂದು ರಿಸರ್ವ್ ಬ್ಯಾಂಕ್ 2015ರಲ್ಲೇ ಬ್ಯಾಂಕ್‌ಗಳಿಗೆ ಸೂಚಿಸಿದೆ, ಪ್ಯಾನ್ ಅರ್ಜಿಯಲ್ಲಿ ಅದು 2018ರಿಂದ ಇದೆ. ಕೌಂಟರ್‌ನಲ್ಲಿ ಯಾರಾದರೂ ಆಗುವುದಿಲ್ಲ ಎಂದರೆ ನಿಮ್ಮ ಕಚೇರಿಯ ಒಬ್ಬರು ಜೊತೆಗೆ ಹೋಗಿ ನಿಂತರೆ ಕೆಲಸ ಬೇಗ ಆಗುತ್ತದೆ. ಅದಕ್ಕಾಗಿ ಅರ್ಧ ದಿನದ ರಜೆಯನ್ನು ಆಕೆಯ ಸಂಬಳದಿಂದ ಕಳೆಯಬೇಡಿ.

ಆದರೆ ಒಂದನ್ನು ಮಾತ್ರ ಕೇಳಕೂಡದು, ಅದು ದೇಹದ ಕುರಿತ ಪುರಾವೆ. ಶಸ್ತ್ರಚಿಕಿತ್ಸೆಯಾಗಿದೆಯೇ, ಚಿಕಿತ್ಸೆ ನಡೆಯುತ್ತಿದೆಯೇ ಎಂಬ ಪ್ರಶ್ನೆಗೆ ಉದ್ಯೋಗದಾತರಿಗೆ ಯಾವ ಉಪಯೋಗವೂ ಇಲ್ಲ. ಲಿಂಗತ್ವವನ್ನು ಗುರುತಿಸಲು ಶಸ್ತ್ರಚಿಕಿತ್ಸೆಯನ್ನು ಕಡ್ಡಾಯಗೊಳಿಸುವುದು ಕಾನೂನುಬಾಹಿರವೆಂದು ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿಯೇ ಹೇಳಿದೆ.

ಗೇಟಿನ ಬಳಿಯ ತಪಾಸಣೆಯ ಬಗ್ಗೆ ಭದ್ರತಾ ಸಿಬ್ಬಂದಿಗೆ ಮುಂಚೆಯೇ ಸ್ಪಷ್ಟ ಸೂಚನೆ ಇರಲಿ: ತಮ್ಮನ್ನು ಮಹಿಳಾ ಸಿಬ್ಬಂದಿ ತಪಾಸಣೆ ಮಾಡಬೇಕೋ ಪುರುಷ ಸಿಬ್ಬಂದಿಯೋ ಎಂಬುದನ್ನು ಕಾರ್ಮಿಕರೇ ಸೇರುವ ದಿನ ಹೇಳಬೇಕು, ಪ್ರತಿದಿನ ಗೇಟಿನಲ್ಲಿ ಅದು ಚರ್ಚೆಯಾಗಬಾರದು. ಶೌಚಾಲಯದ ವಿಷಯದಲ್ಲಿ ಹೆಚ್ಚಿನ ಕಾರ್ಖಾನೆಗಳು ಕಂಡುಕೊಳ್ಳುವ ಪರಿಹಾರವೆಂದರೆ ಎಲ್ಲೋ ಕೊನೆಯಲ್ಲಿರುವ ಒಂದು ಕೋಣೆಗೆ ಟ್ರಾನ್ಸ್‌ಜೆಂಡರ್ ಎಂದು ಫಲಕ ಹಾಕುವುದು. ಅದು ಗುರುತನ್ನು ಬಯಲು ಮಾಡುವುದಲ್ಲದೆ, ಹತ್ತು ನಿಮಿಷದ ವಿರಾಮದಲ್ಲಿ ಆರು ನಿಮಿಷ ನಡೆದು ಹೋಗಬೇಕಾದ ಸ್ಥಿತಿಯನ್ನು ತರುತ್ತದೆ. ಟ್ರಾನ್ಸ್ ಮಹಿಳೆಗೆ ಮಹಿಳೆಯರ ಶೌಚಾಲಯವನ್ನು ಬಳಸಲು ಮುಕ್ತ ಅವಕಾಶವಿರಬೇಕು. ಅದರ ಜೊತೆಗೆ, ಯಾರು ಬೇಕಾದರೂ ಬಳಸಬಹುದಾದ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಬ್ಬರದೇ ಕೋಣೆಯೊಂದು ಕೆಲಸದ ಸಾಲಿನ ಹತ್ತಿರವೇ ಇದ್ದರೆ ಟ್ರಾನ್ಸ್ ಪುರುಷರೂ ಸೇರಿದಂತೆ ಬಹಳ ಮಂದಿಗೆ ಅನುಕೂಲ. ವ್ಯವಸ್ಥೆ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂಬುದನ್ನು ತಿಳಿಯಲು ಆಕೆಯ ನೀರಿನ ಬಾಟಲಿಯನ್ನು ಗಮನಿಸಿದರೆ ಸಾಕು. ಪಾಳಿಯುದ್ದಕ್ಕೂ ನೀರು ಕುಡಿಯದೆ ಇರುವವರು, ಮೂತ್ರದ ಸೋಂಕಿನ ಕಾರಣಕ್ಕೆ ಮತ್ತೆ ಮತ್ತೆ ರಜೆ ಹಾಕುವವರು, ಶೌಚಾಲಯಕ್ಕೆ ಹೋಗಲು ಹೆದರುತ್ತಿದ್ದಾರೆ ಎಂದೇ ತಿಳಿಯಬೇಕು.

ಸಹೋದ್ಯೋಗಿಗಳಿಗೆ ತಿಳಿವಳಿಕೆ ಕಾರ್ಯಕ್ರಮ ಮಾಡಬೇಕು ನಿಜ, ಆದರೆ ಅದನ್ನು ಯಾವಾಗ ಮಾಡುತ್ತೀರಿ ಎಂಬುದು ಮುಖ್ಯ. ಹೊಸಬರು ಸೇರುವ ಹಿಂದಿನ ದಿನ ಮಾಡಿದರೆ, ಮರುದಿನ ಬರುವವರು ಯಾರೆಂದು ಎಲ್ಲರೂ ಕಣ್ಣಿಟ್ಟು ಕಾಯುತ್ತಾರೆ. ನೇಮಕಕ್ಕೆ ಒಂದೆರಡು ತಿಂಗಳ ಮೊದಲೇ, ಗುತ್ತಿಗೆಯ ಭದ್ರತಾ ಸಿಬ್ಬಂದಿ ಮತ್ತು ವಾಹನ ಚಾಲಕರನ್ನೂ ಸೇರಿಸಿ ಮುಗಿಸಿ. ಸೂಪರ್‌ವೈಸರ್‌ಗಳಿಗೆ ಪ್ರತ್ಯೇಕವಾಗಿ ಹೇಳಬೇಕಾದದ್ದು ಬಹಳವಿಲ್ಲ: ಆಕೆಯ ಹೆಸರಿನಿಂದ ಕರೆಯಿರಿ, ಉಳಿದ ಮಹಿಳಾ ಕಾರ್ಮಿಕರನ್ನು ಅಕ್ಕ ಎಂದೋ ಮೇಡಂ ಎಂದೋ ಕರೆಯುವುದಾದರೆ ಆಕೆಯನ್ನೂ ಹಾಗೆಯೇ ಕರೆಯಿರಿ, ಹಾಸ್ಯಕ್ಕೆ ಅವಕಾಶ ಕೊಡಬೇಡಿ, ಆಕೆಯ ವೈಯಕ್ತಿಕ ಬದುಕಿನ ಬಗ್ಗೆ ಇತರರು ಕೇಳಿದರೆ ನೀವು ಉತ್ತರಿಸಬೇಡಿ. ಒಂದೇ ಪಾಳಿಯಲ್ಲಿ ಕನಿಷ್ಠ ಇಬ್ಬರು ಇರುವಂತೆ, ಅವರು ಬಯಸಿದರೆ ಮಾತ್ರ, ವ್ಯವಸ್ಥೆ ಮಾಡಿ.

ಕಾನೂನಿನ ಭಾಗವನ್ನು ಮ್ಯಾನೇಜರ್ ಅವರಿಗೆ ತೋರಿಸಲು ನಿಮಗೆ ಅನುಕೂಲವಾಗುವಷ್ಟು ಮಾತ್ರ ಹೇಳುತ್ತೇನೆ. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ 2019ರಲ್ಲಿ ಬಂದು 2020ರ ಜನವರಿ 10ರಿಂದ ಜಾರಿಯಾಯಿತು. ಅದರ 9ನೆಯ ಸೆಕ್ಷನ್ ನೇಮಕ, ಬಡ್ತಿ ಮುಂತಾದ ಉದ್ಯೋಗದ ಯಾವ ವಿಷಯದಲ್ಲೂ ತಾರತಮ್ಯ ಮಾಡಕೂಡದೆನ್ನುತ್ತದೆ, 11ನೆಯ ಸೆಕ್ಷನ್ ಪ್ರತಿ ಸಂಸ್ಥೆಯೂ ಒಬ್ಬ ದೂರು ಅಧಿಕಾರಿಯನ್ನು ನೇಮಿಸಬೇಕೆನ್ನುತ್ತದೆ. 2020ರ ನಿಯಮಗಳು ಪ್ರತಿ ಸಂಸ್ಥೆಗೂ ಸಮಾನ ಅವಕಾಶ ನೀತಿಯೊಂದು ಇರಬೇಕು, ಅದರಲ್ಲಿ ಶೌಚಾಲಯದಂತಹ ಸೌಲಭ್ಯ, ಸುರಕ್ಷತೆ ಮತ್ತು ಲಿಂಗತ್ವದ ಗೋಪ್ಯತೆಯ ವಿವರ ಇರಬೇಕು ಎನ್ನುತ್ತವೆ; ದೂರಿನ ವಿಚಾರಣೆಗೆ ಹದಿನೈದು ದಿನ, ವರದಿ ಬಂದ ಮೇಲೆ ಸಂಸ್ಥೆಯ ಮುಖ್ಯಸ್ಥರು ಕ್ರಮ ಕೈಗೊಳ್ಳಲು ಇನ್ನೂ ಹದಿನೈದು ದಿನದ ಗಡುವನ್ನೂ ಇಡುತ್ತವೆ. ಇವೆಲ್ಲ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಕರ್ನಾಟಕ ಸರ್ಕಾರ 2021ರಲ್ಲಿ ತಂದ ಶೇ 1ರ ಮೀಸಲಾತಿ ಮಾತ್ರ ಸರ್ಕಾರಿ ಹುದ್ದೆಗಳಿಗೆ ಸೀಮಿತ.

ಈ ನಿಯಮಗಳ ದೌರ್ಬಲ್ಯವನ್ನೂ ಹೇಳಬೇಕು. ಉದ್ಯೋಗದಲ್ಲಿ ತಾರತಮ್ಯ ಮಾಡಿದ ಸಂಸ್ಥೆಗೆ ಇಂತಿಷ್ಟು ದಂಡ ಎಂದು 2019ರ ಕಾಯ್ದೆ ನೇರವಾಗಿ ಹೇಳಲಿಲ್ಲ. ಆದ್ದರಿಂದಲೇ ದೂರು ಅಧಿಕಾರಿಯ ಹೆಸರನ್ನೇ ಪ್ರಕಟಿಸದ ಸಂಸ್ಥೆಗಳು ಇವೆ. ಆದರೆ ಅದರಿಂದ ಹೊಣೆ ತಪ್ಪುವುದಿಲ್ಲ ಎಂಬುದನ್ನು 2025ರ ಅಕ್ಟೋಬರ್ 17ರ ತೀರ್ಪೊಂದು ತೋರಿಸಿತು. ಉತ್ತರ ಪ್ರದೇಶ ಮತ್ತು ಗುಜರಾತಿನ ಖಾಸಗಿ ಶಾಲೆಗಳಲ್ಲಿ ಕೆಲಸ ಕಳೆದುಕೊಂಡ ಟ್ರಾನ್ಸ್ ಮಹಿಳೆ, ಶಿಕ್ಷಕಿ ಜೇನ್ ಕೌಶಿಕ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಿಸಿತಲ್ಲದೆ, ಕಾಯ್ದೆ ಕಾಗದದಲ್ಲೇ ಉಳಿದಿದೆ ಎಂದು ಸರ್ಕಾರಗಳನ್ನು ಕಟುವಾಗಿ ಟೀಕಿಸಿ, ಸಮಾನ ಅವಕಾಶ ನೀತಿಯೊಂದನ್ನು ರೂಪಿಸಲು ನಿವೃತ್ತ ನ್ಯಾಯಮೂರ್ತಿ ಆಶಾ ಮೆನನ್ ಅವರ ನೇತೃತ್ವದಲ್ಲಿ ಸಮಿತಿಯನ್ನು ರಚಿಸಿತು.

ಆರು ತಿಂಗಳು ದಾಟಿದವರ ವಿಷಯದಲ್ಲಿ ಇನ್ನೊಂದು ಅಡ್ಡಿ ಎದುರಾಗುತ್ತದೆ. ನಿಮ್ಮ ಗುಂಪು ಆರೋಗ್ಯ ವಿಮೆಯ ಪಾಲಿಸಿಯನ್ನು ತೆರೆದು, ಹೊರಗಿಡಲಾದ ಚಿಕಿತ್ಸೆಗಳ ಪಟ್ಟಿಯಲ್ಲಿ Excl07 ಎಂಬ ಸಂಕೇತವನ್ನು ಹುಡುಕಿ. ಲಿಂಗ ಬದಲಾವಣೆಯ ಚಿಕಿತ್ಸೆಗೆ ವಿಮೆ ಅನ್ವಯಿಸದು ಎಂಬ ಪ್ರಮಾಣಿತ ಷರತ್ತು ಅದು. ಗುಂಪು ಪಾಲಿಸಿಯಲ್ಲಿ ನವೀಕರಣದ ಸಮಯದಲ್ಲಿ ವಿಮಾ ಕಂಪನಿಯೊಂದಿಗೆ ಮಾತನಾಡಿ ಆ ಷರತ್ತನ್ನು ತೆಗೆಸಲು ಪ್ರಯತ್ನಿಸಬಹುದು. ಸಣ್ಣ ಸಂಸ್ಥೆಗೆ ಅದು ದುಬಾರಿಯಾದರೆ, ಕನಿಷ್ಠ ಚಿಕಿತ್ಸೆಗೆ ಬೇಕಾದ ರಜೆಯನ್ನು ಇತರ ಶಸ್ತ್ರಚಿಕಿತ್ಸೆಗಳಿಗೆ ಕೊಡುವಂತೆಯೇ ಕೊಡಿ, ಮರಳಿದಾಗ ಅದೇ ಕೆಲಸ ಇರುತ್ತದೆಂದು ಬರೆದುಕೊಡಿ. ಚಿಕಿತ್ಸೆಗಾಗಿ ಕೆಲಸ ಬಿಡಬೇಕಾಗಿ ಬಂದವರು ಆನಂತರ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಏಜೆನ್ಸಿಯ ಮೂಲಕ ಗುತ್ತಿಗೆಗೆ ತೆಗೆದುಕೊಳ್ಳೋಣ, ತೊಂದರೆಯಾದರೆ ನಮ್ಮ ತಲೆನೋವಿಲ್ಲ ಎಂದು ನಿಮ್ಮಲ್ಲಿ ಯಾರಾದರೂ ಸೂಚಿಸಬಹುದು. ದಯವಿಟ್ಟು ಒಪ್ಪಬೇಡಿ. ಉಳಿದ ಪ್ಯಾಕಿಂಗ್ ಕಾರ್ಮಿಕರು ನಿಮ್ಮ ವೇತನಪಟ್ಟಿಯಲ್ಲಿದ್ದು ಇವರು ಮಾತ್ರ ಗುತ್ತಿಗೆಯಲ್ಲಿದ್ದರೆ ಬಡ್ತಿಯ ಮೆಟ್ಟಿಲು ಅವರಿಗೆ ಸಿಗುವುದೇ ಇಲ್ಲ, ಮತ್ತು ಮೇಲೆ ಹೇಳಿದ ಮುಂಗಡ, ಹೆಸರು, ಗೋಪ್ಯತೆ ಎಲ್ಲವೂ ನಿಮ್ಮ ಹಿಡಿತದ ಹೊರಗೆ ಹೋಗುತ್ತವೆ.

ಮುಂದಿನ ನೇಮಕದಲ್ಲಿ ಎಷ್ಟು ಮಂದಿಯನ್ನು ತೆಗೆದುಕೊಂಡೆವು ಎಂಬ ಸಂಖ್ಯೆಯನ್ನು ವರದಿಯಲ್ಲಿ ಬರೆಯುವುದರ ಬದಲು ಏಳನೆಯ, ಮೂವತ್ತೈದನೆಯ, ತೊಂಬತ್ತನೆಯ ಮತ್ತು ನೂರ ಎಂಬತ್ತನೆಯ ದಿನ ಎಷ್ಟು ಮಂದಿ ಉಳಿದಿದ್ದಾರೆ ಎಂಬುದನ್ನು, ಅದೇ ಸಾಲಿನ ಇತರ ಹೊಸಬರೊಂದಿಗೆ ಹೋಲಿಸಿ ಬರೆಯಿರಿ. ಮೊದಲ ವಾರದಲ್ಲೇ ಬಿಟ್ಟರೆ ತೊಂದರೆ ಗೇಟಿನಲ್ಲಿ ಅಥವಾ ಸೂಪರ್‌ವೈಸರ್ ಬಳಿ ಇರುವ ಸಾಧ್ಯತೆ ಹೆಚ್ಚು, ಮೂರರಿಂದ ಐದನೆಯ ವಾರದಲ್ಲಿ ಬಿಟ್ಟರೆ ಹಣ ಅಥವಾ ಮನೆಯನ್ನು ವಿಚಾರಿಸಬೇಕು, ಆರು ತಿಂಗಳ ನಂತರ ಬಿಟ್ಟರೆ ಬಡ್ತಿ, ಚಿಕಿತ್ಸೆ ಅಥವಾ ಒಂಟಿತನದ ಕಡೆ ನೋಡಬೇಕು.

ಇದೆಲ್ಲಕ್ಕೂ ಮೊದಲು, ಬಿಟ್ಟುಹೋದ ಆ ಇಬ್ಬರ ಲೆಕ್ಕ ಮುಗಿದಿದೆಯೇ ಎಂಬುದನ್ನು ಪರಿಶೀಲಿಸಿ. ದುಡಿದ ದಿನಗಳ ಸಂಬಳ ಪೂರ್ತಿ ಜಮೆಯಾಗಿದೆಯೇ, ಭವಿಷ್ಯ ನಿಧಿಯ ಹಣ ಹೆಸರಿನ ವ್ಯತ್ಯಾಸದಿಂದ ಸಿಕ್ಕಿಕೊಂಡಿದೆಯೇ, ಅನುಭವ ಪತ್ರ ಕೊಟ್ಟಿದ್ದೀರಾ, ಕೊಟ್ಟಿದ್ದರೆ ಯಾವ ಹೆಸರಿನಲ್ಲಿ ಎಂಬುದನ್ನು ನೋಡಿ. ಎರಡು ತಿಂಗಳ ಕೆಲಸವೇ ಆದರೂ ಅವರು ಬಳಸುವ ಹೆಸರಿನಲ್ಲಿರುವ ಒಂದು ಅನುಭವ ಪತ್ರದಿಂದ ಇನ್ನೊಂದು ಕಡೆ ಕೆಲಸ ಸಿಗಬಹುದು. ಅದನ್ನು ಕೊಡಲು ಕರೆ ಮಾಡಿದಾಗ, ಏಕೆ ಬಿಟ್ಟಿರಿ ಎಂದು ಕೇಳಿ. ಹೇಳಲು ಇಷ್ಟವಿದ್ದರೆ ಹೇಳುತ್ತಾರೆ. ಮ್ಯಾನೇಜರ್ ಅವರೂ ಒಪ್ಪಿದರೆ, ಮುಂಗಡದ ಮತ್ತು ಮನೆಯ ವ್ಯವಸ್ಥೆ ಆದ ಮೇಲೆ ಮತ್ತೆ ಬರುವಿರಾ ಎಂದೂ ಕೇಳಬಹುದು.